ಸಾರಾಂಶದ ಹಾಳೆಯಲ್ಲಿ ಒಂದು ಸುಳ್ಳು ಸಾಲು

ನಮ್ಮ ತರಗತಿಗೆ ನಾನು ಕಳಿಸಿದ ಇಮೇಲ್ ಬಹಳ ಚಿಕ್ಕದಾಗಿತ್ತು. ಅಷ್ಟು ಚಿಕ್ಕದಾದದ್ದನ್ನೂ ಯಾರೂ ಓದಲಿಲ್ಲ ಎನ್ನುವುದೇ ಈ ಕಥೆ. ಓದಿದ್ದರೆ ಪರೀಕ್ಷೆಯ ಹಿಂದಿನ ದಿನ, ಮೇ ತಿಂಗಳ ಸೆಕೆಯಲ್ಲಿ, ಅರವತ್ತು ದಾಟಿದ ನನ್ನಂಥ ಮನುಷ್ಯ ಬೈಕುಲ್ಲಾದಿಂದ ಅಂಧೇರಿಗೆ ಕಾಯ್ದೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಬೇಕಾಗಿರಲಿಲ್ಲ.

ಹಾಳೆ ತಯಾರಿಸುವುದರಲ್ಲಿ ನಾನು ಹೊಸಬನಲ್ಲ. ಅರವತ್ತರ ದಶಕದ ಕೊನೆಯಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಬೈಕುಲ್ಲಾದ ಒಂದು ಕ್ಯಾಂಟೀನಿನಲ್ಲಿ ಹಗಲು ಇಡ್ಲಿ ಬಡಿಸುತ್ತ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದವನು ನಾನು. ಎಪ್ಪತ್ತರ ದಶಕದಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂತ ನಮ್ಮ ತಂಡದಲ್ಲಿ ಎಲ್ಲರೂ ಹೊಟೇಲಿನವರೇ. ಪುಸ್ತಕ ತೆರೆದರೆ ನಿದ್ರೆ, ಮುಚ್ಚಿದರೆ ಗಿರಾಕಿ. ಹಾಗಾಗಿ ಇಡೀ ಇತಿಹಾಸವನ್ನು ಒಂದೇ ಹಾಳೆಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗಿಂತ ಬುದ್ಧಿವಂತರು ಆ ಶಾಲೆಯಲ್ಲಿ ಇರಲಿಲ್ಲ, ನಾನೇನು ಮಾಡಲಿ? ಮೇಣದ ಸ್ಟೆನ್ಸಿಲ್ ಮೇಲೆ ಮೊನೆಯ ಕಡ್ಡಿಯಿಂದ ಗೀಚಿ, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆವು. ಅಂಗಿಗೆಲ್ಲ ಶಾಯಿ. ಮರುದಿನ ಕ್ಯಾಂಟೀನಿನ ಸೇಟು ನನ್ನ ಬೆರಳು ನೋಡಿ ಗಿರಾಕಿಗಳ ಎದುರಿಗೇ ಬೈಯುತ್ತಿದ್ದರು.

ಆ ಹಾಳೆಗಳಲ್ಲಿ ನಾನು ಒಂದು ಕಿತಾಪತಿ ಮಾಡುತ್ತಿದ್ದೆ. ಎಲ್ಲೋ ಒಂದು ಕಡೆ ಬೇಕೆಂದೇ ಒಂದು ತಪ್ಪು ಸಾಲು ತೂರಿಸುತ್ತಿದ್ದೆ. ಹಾಳೆ ಹಂಚಿ, ಬೆಂಚಿನ ಮೇಲೆ ನಿಂತು, "ಇದರಲ್ಲಿ ಒಂದು ಸುಳ್ಳುಂಟು, ಪುಸ್ತಕ ನೋಡಿ ಹಿಡಿದವನಿಗೆ ನನ್ನ ಲೆಕ್ಕದಲ್ಲಿ ಮಸಾಲೆ ದೋಸೆ" ಎಂದು ಕೂಗುತ್ತಿದ್ದೆ. ಅಷ್ಟು ಸಾಕು. ನಿದ್ರೆ ಬಂದವರೆಲ್ಲ ಎದ್ದು ಕೂತು, ಪುಸ್ತಕಕ್ಕಾಗಿ ಕಿತ್ತಾಡಿಕೊಂಡು, ಸಾಲುಸಾಲನ್ನೂ ತಾಳೆ ನೋಡುತ್ತಿದ್ದರು. ಸುಳ್ಳು ಸಿಗುವಷ್ಟರಲ್ಲಿ ಉಳಿದ ನಿಜವೆಲ್ಲ ತಲೆಗೆ ಹೋಗಿರುತ್ತಿತ್ತು. ಮಾಸ್ತರರಿಗೂ ಹೊಳೆಯದ ಉಪಾಯ. ಹಾಳೆಯನ್ನು ಬಾಯಿಪಾಠ ಮಾಡುವವನು ಮಲಗಿದಂತೆ, ಹಾಳೆಯ ಜತೆ ಜಗಳ ಆಡುವವನು ಓದಿದಂತೆ. ಇದು ನನ್ನ ಸಿದ್ಧಾಂತ. ಈಗಲೂ ಬಿಟ್ಟುಕೊಟ್ಟಿಲ್ಲ.

ಆಮೇಲೆ ನೌಕರಿ, ಮದುವೆ, ನಿವೃತ್ತಿ ಎಲ್ಲ ಮುಗಿದು, ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುತ್ತಿದ್ದ ಕಾಲದಲ್ಲಿ ಅವಳೇ ನನ್ನನ್ನು ಮತ್ತೆ ಶಾಲೆಗೆ ಅಟ್ಟಿದಳು. ಮುಂಬಯಿಯಲ್ಲಿ ಪ್ರತಿ ಬಿಲ್ಡಿಂಗೂ ಒಂದು ಹೌಸಿಂಗ್ ಸೊಸೈಟಿ, ಪ್ರತಿ ಸೊಸೈಟಿಯಲ್ಲೂ ಜಗಳ. ಆ ಸೊಸೈಟಿಗಳ ಲೆಕ್ಕ ಮತ್ತು ಕಾಯ್ದೆ ಕಲಿಸುವ ಸರ್ಕಾರಿ ಡಿಪ್ಲೊಮಾ ಒಂದುಂಟು. ಪಾಸಾದರೆ ಸೊಸೈಟಿಗಳ ಆಡಿಟ್ ಮಾಡಬಹುದು, ಮ್ಯಾನೇಜರ್ ಆಗಬಹುದು. ನಿವೃತ್ತರು ಬಹಳ ಮಂದಿ ಇದಕ್ಕೆ ಕಟ್ಟುತ್ತಾರೆ. ದಾದರಿನಲ್ಲಿ ಶನಿವಾರ ಭಾನುವಾರ ತರಗತಿ.

"ಹೋಗಿ ಮಾರಾಯ್ರೆ, ಅಲ್ಲಾದ್ರೂ ಯಾರನ್ನಾದ್ರೂ ಗೋಳು ಹೊಯ್ಕೊಳ್ಳಿ. ನಂಗೆ ಎರಡು ದಿನ ಸೀರಿಯಲ್ ನೋಡ್ಲಿಕ್ಕೆ ಬಿಡಿ" ಎಂದಳು.

ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು ಅಂಧೇರಿಯ ಒಂದು ದೊಡ್ಡ ಸೊಸೈಟಿಯ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದ ಹೆಣ್ಣುಮಗಳು. ವಿಜಾಪುರದ ಕಡೆಯವಳು, ಗಂಡ ಕಟ್ಟಡ ಕಂಟ್ರಾಕ್ಟರನ ಬಳಿ ಸೂಪರ್‌ವೈಸರ್. ನನ್ನ ಕನ್ನಡ ಕೇಳಿದ ಮೊದಲ ದಿನವೇ ನಕ್ಕು, "ಕಾಕಾ, ನೀವು ಮಾತಾಡಿದ್ರ ಹೊಟೇಲದಾಗ ಆರ್ಡರ್ ಕೊಟ್ಟಂಗ ಕೇಳಸ್ತದ" ಎಂದಿದ್ದಳು. ಅಂದೇ ನಾನು ಅವಳಿಗೆ ಮ್ಯಾನೇಜರಮ್ಮ ಎಂದು ಹೆಸರಿಟ್ಟೆ.

ಹೆಸರು ತಮಾಷೆಯದ್ದು, ವಿಷಯ ತಮಾಷೆಯದ್ದಲ್ಲ. ಅವಳ ಸೊಸೈಟಿಯ ಹಳೆಯ ಮ್ಯಾನೇಜರ್ ಆ ಬೇಸಿಗೆ ಕಳೆದ ಮೇಲೆ ನಿವೃತ್ತರಾಗುವವರಿದ್ದರು. ಕಮಿಟಿಯವರು ಅವಳಿಗೆ ಖಡಾಖಂಡಿತ ಹೇಳಿದ್ದರು: ಡಿಪ್ಲೊಮಾ ಪಾಸಾದರೆ ಆ ಕುರ್ಚಿ ನಿನ್ನದು, ಇಲ್ಲವಾದರೆ ಇಡೀ ಆಫೀಸನ್ನೇ ಹೊರಗಿನ ಏಜೆನ್ಸಿಗೆ ಕೊಡುತ್ತೇವೆ. ಏಜೆನ್ಸಿ ಬಂದರೆ ತನ್ನವರನ್ನು ತರುತ್ತದೆ. ಅಂದರೆ ಇವಳ ಕ್ಲಾರ್ಕ್ ಕೆಲಸವೂ ಹೋಯಿತು. ಹಿಂದಿನ ವರ್ಷ ಉಳಿದೆಲ್ಲ ಪೇಪರಿನಲ್ಲಿ ದಾಟಿ, ಕಾಯ್ದೆಯ ಪೇಪರಿನಲ್ಲಿ ಬಿದ್ದಿದ್ದಳು.

"ಲೆಕ್ಕಾ ಬಿಡ್ರಿ ಕಾಕಾ, ಕಣ್ಮುಚ್ಚಿ ಮಾಡ್ತೀನಿ. ಈ ಕಲಂಗಳು ಅದಾವಲ್ಲ, ಒಂದರ ಮ್ಯಾಲ ಒಂದು ಕುಂತು ಚರ್ಚ್‌ಗೇಟ್ ಲೋಕಲ್ ಆಗ್ತಾವ ನನ್ನ ತಲಿಯಾಗ" ಎನ್ನುತ್ತಿದ್ದಳು.

ಅವಳೊಬ್ಬಳಿಗೇ ಅಲ್ಲ, ಇಡೀ ತರಗತಿಗೆ ಅದೇ ರೋಗ. ಸೊಸೈಟಿಗಳ ಕಾಯ್ದೆಯ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ನಾನು ಬಿಡುತ್ತೇನೆಯೇ? ಕೂತು ಮುಖ್ಯ ಕಲಂಗಳನ್ನೆಲ್ಲ ಆರಿಸಿ ಎರಡು ಪುಟಕ್ಕೆ ಇಳಿಸಿದೆ. ವಿಚಾರಣೆ ಯಾವ ಕಲಂ, ಆಡಿಟ್ ಯಾವುದು, ಬಾಕಿ ವಸೂಲಿ ಯಾವುದು, ಜಗಳ ಸಹಕಾರಿ ನ್ಯಾಯಾಲಯಕ್ಕೆ ಹೋಗುವುದು ಯಾವುದರ ಕೆಳಗೆ. ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಕುಟ್ಟಿದೆ. ಹಳೆಯ ಚಟ ಬಿಡಬೇಕಲ್ಲ! ಒಂದು ಸುಳ್ಳನ್ನೂ ಇಟ್ಟೆ. ಸದಸ್ಯರು ಬರೆದು ಕೇಳಿದರೆ ಕಮಿಟಿ ಒಂದು ತಿಂಗಳೊಳಗೆ ವಿಶೇಷ ಸಭೆ ಕರೆಯಲೇಬೇಕು. ಹಾಗೆ ಕೇಳಲು ಐದರಲ್ಲಿ ಒಂದು ಪಾಲು ಸದಸ್ಯರು ಸಾಕು. ಕಲಂ ಎಪ್ಪತ್ತಾರು. ನಾನು ಐದನ್ನು ಮೂರು ಮಾಡಿದೆ. ಸುಳ್ಳು ನಿಜದ ಅಂಗಿ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಹುಡುಕುವ ಮಜಾ ಎಲ್ಲಿ?

ಹಾಳೆಯನ್ನು ಅಟ್ಯಾಚ್‌ಮೆಂಟ್ ಮಾಡಿ, ವಿಳಾಸ ಇದ್ದವರಿಗೆಲ್ಲ ಕಳಿಸಿದೆ, ಉಳಿದವರಿಗೆ ಅವರು ಹೇಳುತ್ತಾರೆಂದು. ಇಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ಪ್ರಿಯ ಸಹಪಾಠಿಗಳೇ, ಕಾಯ್ದೆಯ ಪೇಪರಿನ ಸಾರಾಂಶ ಇದರ ಜತೆಗಿದೆ. ಇದನ್ನು ಬಾಯಿಪಾಠ ಮಾಡಬೇಡಿ. ಪಕ್ಕದಲ್ಲಿ ಪುಸ್ತಕ ತೆರೆದಿಟ್ಟು, ಒಂದೊಂದು ಸಾಲನ್ನೂ ಅದರ ಕಲಮಿನೊಂದಿಗೆ ತಾಳೆ ನೋಡಿ. ಒಂದು ಸಾಲು ಬೇಕೆಂದೇ ತಪ್ಪು ಬರೆದಿದ್ದೇನೆ. ಹುಡುಕಿ ತಿದ್ದಿಕೊಂಡ ಮೇಲಷ್ಟೇ ಹಾಳೆ ನಿಮ್ಮದು. ಮೊದಲು ಹಿಡಿದವರಿಗೆ ಮಾಟುಂಗಾದಲ್ಲಿ ನನ್ನ ಕಾಫಿ. ಇಂತಿ, ನಿಮ್ಮೆಲ್ಲರಿಗಿಂತ ಹಿರಿಯ ಮತ್ತು ಚುರುಕು ವಿದ್ಯಾರ್ಥಿ."

ಇಷ್ಟೇ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಯಾರಿಂದಲಾದರೂ ಸಾಧ್ಯವಿದ್ದರೆ ಬಂದು ಹೇಳಲಿ.

ವಾರಗಟ್ಟಲೆ ಕಾದೆ. ಕಾಫಿ ಕೇಳಿಕೊಂಡು ಯಾರೂ ಬರಲಿಲ್ಲ. ಕೊನೆಯ ತರಗತಿಯಲ್ಲಿ ಎಲ್ಲರೂ ಬೆನ್ನು ತಟ್ಟಿ, ಹಾಳೆ ಭಾರೀ ಉಪಯೋಗವಾಯಿತು ಎಂದರು. ನಾನು ಉಬ್ಬಿದೆ. ಸುಳ್ಳು ಅಷ್ಟು ಚೆನ್ನಾಗಿ ಅಡಗಿದೆ, ಪಾಪ ಇನ್ನೂ ಹುಡುಕುತ್ತಿದ್ದಾರೆ ಎಂದುಕೊಂಡೆ.

ಪರೀಕ್ಷೆ ಶುರುವಾಗುವ ಹಿಂದಿನ ದಿನ ಬೆಳಿಗ್ಗೆ ಬಾಂದ್ರಾದಿಂದ ಒಬ್ಬ ಸಹಪಾಠಿಯ ಫೋನ್ ಬಂತು. ನಿವೃತ್ತ ಬ್ಯಾಂಕ್ ಆಫೀಸರ್, ಗುಜರಾತಿ. ಹಾಲ್ ಟಿಕೆಟಿನ ಏನೋ ಸಂಶಯ. ಮಾತು ಮುಗಿಯುವಾಗ, ನನ್ನ ಸುಳ್ಳು ಸಿಕ್ಕಿತೇ ಎಂದು ಸುಮ್ಮನೆ ಕೆಣಕಿದೆ: "ಕ್ಯಾ ಸೇಠ್, ಮೇರಾ ಝೂಠ್ ಮಿಲಾ ಕ್ಯಾ?"

"ಕೌನ್ಸಾ ಝೂಠ್?"

"ಮೇಲ್ ಮೇ ಲಿಖಾ ಥಾ ನಾ!"

"ಅರೇ ಅಣ್ಣಾ, ಮೇಲ್ ಕೌನ್ ಪಢತಾ ಹೈ? ಅಟ್ಯಾಚ್‌ಮೆಂಟ್ ನಿಕಾಲಾ, ಝೆರಾಕ್ಸ್ ಕಿಯಾ, ಸಬ್‌ಕೋ ಬಾಂಟ್ ದಿಯಾ. ಬಸ್!"

ನನ್ನ ಇಮೇಲನ್ನು ಓದದೆ, ಅಟ್ಯಾಚ್‌ಮೆಂಟ್ ಮಾತ್ರ ತೆಗೆದು, ಅದರ ಝೆರಾಕ್ಸನ್ನು ಎಲ್ಲರಿಗೂ ಹಂಚಿದ ಪುಣ್ಯಾತ್ಮ ಇವನೇ. ಅರ್ಧ ತರಗತಿಗೆ ಇಮೇಲ್ ವಿಳಾಸವೇ ಇರಲಿಲ್ಲ, ಇದ್ದವರು ತೆರೆಯುತ್ತಿರಲಿಲ್ಲ. ರಾತ್ರಿಶಾಲೆಯಲ್ಲಿ ಹಾಳೆಯ ಜತೆಗೆ ಬೆಂಚಿನ ಮೇಲೆ ನಾನಿರುತ್ತಿದ್ದೆ. ಇಲ್ಲಿ ಹಾಳೆ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಉಳಿದೆ. ಸುಳ್ಳು ಮಾತ್ರ ಝೆರಾಕ್ಸ್ ಆಗಿ ಊರೆಲ್ಲ ತಿರುಗಿತು.

ಕಾಯ್ದೆಯ ಪೇಪರು ಮರುದಿನವೇ.

ಬಾಂದ್ರಾದವನಿಗೆ ನಿಜ ಹೇಳಿದೆ. ಅವನು ಗುಜರಾತಿಯಲ್ಲಿ ಏನೋ ಬೈದು, ತಾನು ಹಂಚಿದವರಿಗೆಲ್ಲ ತಾನೇ ಫೋನ್ ಮಾಡುತ್ತೇನೆ ಎಂದ. ಮ್ಯಾನೇಜರಮ್ಮನಿಗೆ ನಾನು ಮಾಡಿದೆ.

"ಬರ್ರಿ ಕಾಕಾ! ನಿಮ್ಮ ಹಾಳಿ ಪೂರಾ ಬಾಯಿಪಾಠ ಆಗ್ಯದ. ಕೇಳ್ರಿ ಬೇಕಾದ್ರ. ಎಪ್ಪತ್ತಾರು: ಮೂರರಾಗ ಒಂದು ಪಾಲು ಸದಸ್ಯರು..."

"ಅದೇ ತಪ್ಪು ಮಾರಾಯ್ತಿ! ಐದರಲ್ಲಿ ಒಂದು. ನಾನೇ ಬೇಕಂತ ತಪ್ಪು ಬರ್ದದ್ದು."

ಫೋನಿನ ಆ ಕಡೆ ನಗು. "ಕಾಕಾ, ಪರೀಕ್ಷಿ ನಾಳಿಗಿ ಐತಿ. ಇವತ್ತರ ಚಾಷ್ಟಿ ಬಿಡ್ರಿ. ಹೋದ ತಿಂಗಳ ರಜಿಸ್ಟ್ರಾರ್ ಆಫೀಸದಿಂದ ಇನ್ಸ್‌ಪೆಕ್ಷನ್ ಅಂತ ಫೋನ್ ಮಾಡಿ ನನ್ನ ಕಪಾಟು ಪೂರಾ ಖಾಲಿ ಮಾಡಸಿದ್ರಿ. ಹೋಳಿ ದಿನ ಪರೀಕ್ಷಿ ಮುಂದ ಹೋಗ್ಯದ ಅಂದ್ರಿ. ನಾ ಇನ್ನ ನಂಬಂಗಿಲ್ಲ."

"ಈ ಸಲ ಖರೆ ಹೇಳ್ತಿದ್ದೇನೆ!"

"ಆವತ್ತೂ ಹಿಂಗ ಅಂದಿದ್ರಿ" ಎಂದು ಇಟ್ಟುಬಿಟ್ಟಳು.

ಮತ್ತೆ ಮಾಡಿದರೆ ಎಂಗೇಜ್. ನಾನು ಸುಮ್ಮನಿರಲಾರದೆ ಕಂಪ್ಯೂಟರ್ ಹಚ್ಚಿ, "ಕಲಂ ಎಪ್ಪತ್ತಾರು ತಪ್ಪು, ಐದರಲ್ಲಿ ಒಂದು" ಎಂದು ಎಲ್ಲರಿಗೂ ಇನ್ನೊಂದು ಇಮೇಲ್ ಕುಟ್ಟತೊಡಗಿದೆ. ಇಂಟರ್‌ನೆಟ್ ಕೀಕೀ ಎಂದು ಕಿರುಚಿ ಫೋನಿನ ಲೈನನ್ನು ನುಂಗಿ ಕೂತಿತು. ಹೆಂಡತಿ ಅಡುಗೆಮನೆಯಿಂದ ಬಂದಳು.

"ಎಂತ ಮಾಡ್ತಿದ್ದೀರಿ?"

"ತಿದ್ದುಪಡಿ ಕಳಿಸ್ತಿದ್ದೇನೆ."

"ಯಾರಿಗೆ? ಮೊದಲ್ನೇದ್ದು ಓದದೇ ಇದ್ದವ್ರಿಗಾ?"

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ತೊಂದರೆಯೇ ಇದು. ಒಂದೇ ಪ್ರಶ್ನೆಯಲ್ಲಿ ಕೆಲಸ ಮುಗಿಸುತ್ತಾಳೆ. "ಆ ಹುಡುಗಿ ಫೋನ್ ಮಾಡಿದ್ರೂ ನಿಮ್ಮ ಈ ಡಬ್ಬಿ ಲೈನ್ ಹಿಡ್ಕೊಂಡುಂಟು. ಎದ್ದು ಹೋಗಿ, ಎದುರಿಗೆ ಹೇಳಿ" ಎಂದು ಚಪ್ಪಲಿಯತ್ತ ಬೆರಳು ತೋರಿಸಿದಳು.

ನನಗೂ ಮರುದಿನ ಅದೇ ಪರೀಕ್ಷೆ ಎನ್ನುವುದು ಯಾರಿಗೂ ನೆನಪಿರಲಿಲ್ಲ. ನನಗೂ ಇರಲಿಲ್ಲ ಎನ್ನಿ. ಬೈಕುಲ್ಲಾದಲ್ಲಿ ಸ್ಲೋ ಲೋಕಲ್ ಹಿಡಿದು, ಅಂಧೇರಿಯ ಲೈನಿಗೆ ಬದಲಾಯಿಸಲು ದಾದರಿನಲ್ಲಿ ಇಳಿದೆ. ಸೇತುವೆ ದಾಟುವಾಗ ಎದುರಿಗೆ ಬರುವ ಜನ ನನ್ನನ್ನು ಹಿಂದಕ್ಕೇ ತಳ್ಳುತ್ತಿದ್ದರು. ಅಂಧೇರಿಗೆ ಹೋಗುವ ಗಾಡಿಯಲ್ಲಿ ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಬಾಗಿಲ ಬಳಿ ನಿಂತು, ಒಳಗೆ ಬಂದು, ಮತ್ತೆ ಬಾಗಿಲಿಗೆ ಹೋದೆ. ಬಾಂದ್ರಾ ಬಿಟ್ಟ ಮೇಲೆ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಸಿಗ್ನಲ್. ಪಕ್ಕದ ಹಳಿಯಲ್ಲಿ ಇನ್ನೊಂದು ಲೋಕಲ್ ಧಡಧಡ ಮುಂದೆ ಹೋಯಿತು. ನನ್ನ ಚಡಪಡಿಕೆ ನೋಡಿದ ಒಬ್ಬ ಮರಾಠಿ ಮುದುಕ, "ಕಾಯ್ ಝಾಲಂ, ಬಾಥ್‌ರೂಮ್?" ಎಂದು ಮರುಕದಿಂದ ಕೇಳಿದ. ಬೇರೆ ದಿನವಾಗಿದ್ದರೆ ಅವನಿಗೆ ಅಂಧೇರಿಯ ತನಕ ಸಾಕಾಗುವಷ್ಟು ಉತ್ತರ ಕೊಡುತ್ತಿದ್ದೆ. ಆ ದಿನ ಮೂರರಲ್ಲಿ ಒಂದು ಎಂದು ಬರೆಯುತ್ತಿರುವ ಅವಳ ಕೈ ಮಾತ್ರ ಕಣ್ಣೆದುರು ಬರುತ್ತಿತ್ತು.

ಸೊಸೈಟಿಯ ಆಫೀಸು ನೆಲಮಹಡಿಯಲ್ಲಿ, ಪಂಪಿನ ಕೋಣೆಯ ಪಕ್ಕ. ಅವಳು ರಜೆ ಹಾಕಿರಲಿಲ್ಲ. ಮೇಜಿನ ಮೇಲೆ ಮೇಂಟೆನೆನ್ಸ್ ರಸೀದಿಗಳು, ಅದರ ಕೆಳಗೆ ನನ್ನ ಹಾಳೆಯ ಝೆರಾಕ್ಸು. ನನ್ನನ್ನು ಬಾಗಿಲಲ್ಲಿ ನೋಡಿದವಳೇ ಎದ್ದು ನಿಂತಳು.

"ಅಯ್ಯ! ಚಾಷ್ಟಿಗಂತ ಇಷ್ಟು ದೂರ ಬಂದ್ರಿ?"

"ನೀರು ಕೊಡು ಮೊದ್ಲು" ಎಂದು ಕುರ್ಚಿಯಲ್ಲಿ ಕುಸಿದೆ. ಕಂಕುಳಲ್ಲಿದ್ದ ಪುಸ್ತಕವನ್ನು ಎಪ್ಪತ್ತಾರಕ್ಕೆ ತೆರೆದು ಅವಳತ್ತ ಚಾಚಿದೆ.

ಅವಳು ಮುಟ್ಟಲಿಲ್ಲ. "ನಿಮ್ಮ ಪುಸ್ತಕ ಬ್ಯಾಡ್ರಿ. ಅದನ್ನೂ ತಿದ್ದಿರ್ತೀರಿ."

ಅಚ್ಚಾದ ಸರ್ಕಾರಿ ಕಾಯ್ದೆಯನ್ನು ನಾನು ತಿದ್ದಬಲ್ಲೆ ಎಂದು ಯಾರಾದರೂ ನಂಬಿದ್ದು ಅದೇ ಮೊದಲು. ಒಳಗೊಳಗೆ ಸ್ವಲ್ಪ ಖುಷಿಯಾಯಿತು, ಸುಳ್ಳು ಹೇಳಬಾರದು. ಅವಳು ಕಪಾಟು ತೆಗೆದು, ಸೊಸೈಟಿಯ ಮೊಹರು ಇದ್ದ ಪ್ರತಿಯನ್ನು ಹೊರಗೆಳೆದಳು. ಧೂಳು ಕೊಡವಿ, ಪುಟ ತಿರುವಿ, ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಮುಖ ಸಣ್ಣಗಾಯಿತು.

"ಐದರಾಗ ಒಂದು" ಎಂದಳು ಮೆಲ್ಲಗೆ.

"ನಾನು ಹೇಳಿದ್ದೇ ಅದು."

"ಯಾಕ ಹಿಂಗ ಮಾಡಿದ್ರಿ ಕಾಕಾ?"

ಇಮೇಲಿನ ವಿಷಯ ಹೇಳಿದೆ. ಹಾಳೆಯನ್ನು ಹೇಗೆ ಬಳಸಬೇಕು ಎಂದು ಅದರಲ್ಲಿ ಬರೆದದ್ದು, ಅಟ್ಯಾಚ್‌ಮೆಂಟ್ ಮಾತ್ರ ಝೆರಾಕ್ಸ್ ಆದದ್ದು, ರಾತ್ರಿಶಾಲೆಯ ದೋಸೆ, ಎಲ್ಲ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಝೆರಾಕ್ಸನ್ನು ಹಿಡಿದುಕೊಂಡೇ ಇದ್ದಳು. ತಿಂಗಳಿಡೀ ಲೋಕಲಿನಲ್ಲಿ ನಿಂತು ಓದಿ ಅದರ ಮಡಿಕೆಗಳೆಲ್ಲ ಹರಿದಿದ್ದವು.

"ಇನ್ನೆಷ್ಟು ಸುಳ್ಳ ಅದಾವ?"

"ಒಂದೇ. ದೇವರಾಣೆ."

"ನಿಮ್ಮ ಆಣಿ ಬ್ಯಾಡ್ರಿ" ಎಂದವಳೇ ರಸೀದಿಗಳನ್ನು ಬದಿಗೆ ಸರಿಸಿ, ಪುಸ್ತಕವನ್ನು ಎಡಕ್ಕೂ ಹಾಳೆಯನ್ನು ಬಲಕ್ಕೂ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಮೊದಲ ಸಾಲಿನಿಂದ ಶುರು ಮಾಡಿದಳು. ನನ್ನ ಮೇಲಿನ ಸಿಟ್ಟಿನಲ್ಲಿ ಒಂದೊಂದು ಸಾಲನ್ನೂ ಪೊಲೀಸರು ಕಳ್ಳನನ್ನು ವಿಚಾರಿಸುವಂತೆ ವಿಚಾರಿಸಿದಳು. "ಎಂಬತ್ತೊಂದು ಆಡಿಟ್, ಖರೆ. ಎಂಬತ್ತಮೂರು ವಿಚಾರಣಿ, ಖರೆ. ಎಂಬತ್ತೆಂಟು ನುಕ್ಸಾನ್ ಭರ್ತಿ, ಖರೆ. ತೊಂಬತ್ತೊಂದು ತಂಟೆ, ಖರೆ." ನಡುವೆ ಒಬ್ಬ ಸಿಂಧಿ ಹೆಂಗಸು ಬಂದು ನೀರು ಬರುತ್ತಿಲ್ಲವೆಂದು ಕೂಗಾಡಿದಳು. ಇವಳು ತಲೆ ಎತ್ತದೆ, "ಕಾಕಾ, ಪಂಪ್ ದೇಖೋ" ಎಂದಳು. ನಿವೃತ್ತ ಮನುಷ್ಯ ನಾನು ಹೋಗಿ ವಾಚ್‌ಮನ್ನನ್ನು ಹುಡುಕಿ ಪಂಪ್ ಹಾಕಿಸಿ ಬಂದೆ. ಇನ್ನೊಬ್ಬರ ಕಾರಿನ ಜಾಗದ ಜಗಳ ಬಿಡಿಸಿದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅದಕ್ಕೆ ಕೆಲಸ ಸಿಕ್ಕಿದ್ದೇ ಒಳ್ಳೆಯದಾಯಿತು.

ವಾಪಸ್ ಬಂದಾಗ ಅವಳು ಪೆನ್ನಿನ ತುದಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಒಂದೇ ಸುಳ್ಳ ಅಂದಿದ್ರಿ."

"ಹೌದು."

"ಅರವತ್ತಾರು. ಲಾಭದಾಗ ಮೀಸಲು ನಿಧಿಗೆ ಎಷ್ಟು ಹಾಕಬೇಕು?"

"ಐದರಲ್ಲಿ ಒಂದು."

"ಪುಸ್ತಕ ನಾಲ್ಕರಾಗ ಒಂದು ಅಂತದ."

ನಾನು ಎದ್ದು ಹೋಗಿ ನೋಡಿದೆ. ಅವಳ ಪುಸ್ತಕದಲ್ಲಿ ನೋಡಿದೆ, ನನ್ನದರಲ್ಲಿ ನೋಡಿದೆ. ನಾಲ್ಕರಲ್ಲಿ ಒಂದು. ನಾನೋ ತರಗತಿಯಲ್ಲಿ ಐದರಲ್ಲಿ ಒಂದು ಎಂದೇ ಎರಡು ಸಲ ಪಾಠದಂತೆ ಹೇಳಿದ್ದೆ. ಎಪ್ಪತ್ತಾರರಿಂದ ನಾನು ಓಡಿಸಿದ ಐದು, ಹೋಗಿ ಅರವತ್ತಾರರಲ್ಲಿ ಕೂತಿತ್ತು. ಅಥವಾ ನನ್ನ ತಲೆಯಲ್ಲಿ ಮೊದಲಿನಿಂದಲೂ ಅಲ್ಲೇ ಇತ್ತೋ. ಮರುದಿನ ಆ ಪೇಪರು ನನ್ನದೂ ಆಗಿತ್ತಲ್ಲ.

"ಅದೂ ಬೇಕಂತಲೇ ಇಟ್ಟದ್ದು" ಎಂದೆ, ಗಂಟಲು ಸರಿಮಾಡಿಕೊಂಡು. "ಜಾಣರಿಗೆ ಅಂತ ಎರಡನೇದ್ದು."

ಅವಳು ಆ ಸಾಲನ್ನು ಕೆಂಪಿನಲ್ಲಿ ಹೊಡೆದು ತಿದ್ದಿ, ನನ್ನ ಪುಸ್ತಕವನ್ನೂ ಎಳೆದು ಅದೇ ಜಾಗದಲ್ಲಿ ಒಂದು ಗೆರೆ ಎಳೆದಳು. "ನೀವೂ ಓದ್ಕೊಳ್ರಿ ಕಾಕಾ. ನಾಳಿಗಿ ಕೆಲಸಕ್ಕ ಬರ್ತದ." ಆಮೇಲೆ ತುಟಿಯ ಮೂಲೆಯಲ್ಲಿ ನಕ್ಕಳು. ಬಂದಾಗಿನಿಂದ ಅದೇ ಮೊದಲ ನಗು.

ನಾನು ಹೊರಡುವ ಹೊತ್ತಿಗೆ ಹಾಳೆ ತುಂಬ ಕೆಂಪು ಟಿಕ್ಕುಗಳು. ಬಾಗಿಲ ತನಕ ಬಂದು, ನಾನು ಕೇಳದೆಯೇ, ವಿಶೇಷ ಸಭೆಯನ್ನು ಎಷ್ಟು ಜನ ಕೇಳಬೇಕು, ಯಾರು, ಎಷ್ಟು ದಿನದೊಳಗೆ ಕರೆಯಬೇಕು ಎಂದು ಗಡಗಡ ಹೇಳಿದಳು. ಕಮಿಟಿ ಕರೆಯದಿದ್ದರೆ ರಜಿಸ್ಟ್ರಾರ್ ಕರೆಯಬಹುದು ಎಂದೂ ಸೇರಿಸಿದಳು. ಅದು ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಮರುದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನ್ನ ಕಣ್ಣು ನೇರ ಕೆಳಗೆ ಹೋಯಿತು. ಟಿಪ್ಪಣಿ ಬರೆಯಿರಿ: ವಿಶೇಷ ಸರ್ವಸದಸ್ಯರ ಸಭೆ. ಅದರ ಕೆಳಗೇ ಮೀಸಲು ನಿಧಿ. ಮೂರು ಸಾಲು ಮುಂದೆ ಕೂತಿದ್ದ ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ, ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ಫಲಿತಾಂಶ ಬರುವ ತನಕ ನನ್ನ ಹೆಂಡತಿಗೆ ಮತ್ತೆ ಸೀರಿಯಲ್ ನೋಡಲಾಗಲಿಲ್ಲ. ಗಂಟೆಗೊಮ್ಮೆ ನಾನು ಫೋನ್ ಎತ್ತಿ ಲೈನ್ ಇದೆಯೇ ಎಂದು ನೋಡುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಅದೇ ಬಾರಿಸಿತು.

"ಯಾರ್ರಿ ಮಾತಾಡೋದು?" ಎಂದೆ.

"ಮ್ಯಾನೇಜರ್" ಎಂದಿತು ಆ ಕಡೆಯ ಧ್ವನಿ.

ನಾನೂ ಪಾಸಾದೆ. ಕಾಯ್ದೆಯಲ್ಲಿ ನನಗೆ ಬಂದ ಅಂಕ ಅವಳಿಗಿಂತ ಕಡಿಮೆ, ಆದರೆ ಅದಕ್ಕೆ ಪ್ರಯಾಣದ ದಣಿವು ಕಾರಣ.

ಮುಂದಿನ ವರ್ಷದ ತರಗತಿಗೆ ಹಾಳೆ ಕಳಿಸಿದ್ದು ಅವಳು. ನನಗೂ ಒಂದು ಪ್ರತಿ ಇಮೇಲಿನಲ್ಲಿ ಬಂತು. ಹಾಳೆಯ ನೆತ್ತಿಯ ಮೇಲೆಯೇ, ಝೆರಾಕ್ಸಿನಲ್ಲೂ ಬಿಟ್ಟುಹೋಗದಂತೆ, ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಪುಸ್ತಕ ತೆರೆದಿಟ್ಟುಕೊಂಡು ತಾಳೆ ನೋಡಿ, ಬಾಯಿಪಾಠ ಮಾಡಬೇಡಿ. ಇಮೇಲಿನಲ್ಲಿ ನನಗೆಂದು ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ ಬೇರೆ ಸಾಲು: "ಕಾಕಾ, ನಿಮ್ಮ ಪ್ರತಿಯೊಳಗ ಮಾತ್ರ ಒಂದು ಸುಳ್ಳ ಇಟ್ಟೀನಿ. ಹುಡುಕ್ರಿ."

ಪುಸ್ತಕ ತೆರೆದಿಟ್ಟುಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ನೋಡಿದೆ. ಸಿಗಲಿಲ್ಲ. ಹೆಂಡತಿ, ಸುಳ್ಳು ಇಟ್ಟಿದ್ದೇನೆ ಎಂದು ಅವಳು ಬರೆದದ್ದೇ ಸುಳ್ಳಿರಬೇಕು ಎನ್ನುತ್ತಾಳೆ. ಇರಬಹುದು. ಆದರೂ ಇನ್ನೊಂದು ಸಲ ನೋಡೋಣ ಎಂದು ಕೈ ಹಾಳೆಯ ಕಡೆಗೇ ಹೋಗುತ್ತದೆ. ಸೋತೆ ಎಂದು ಅವಳಿಗೆ ಫೋನ್ ಮಾಡಿ ಕೇಳುವುದಂತೂ ಸಾಧ್ಯವಿಲ್ಲ.